ಬಾಗಿಲು ತೆರೆದದ್ದು ಯಾರಿಗೆ?

ಗೆಳತಿಯ ಗೃಹಪ್ರವೇಶದಲ್ಲಿ ಅವಳ ಅತ್ತೆ ಕಣ್ಣು ಮುಚ್ಚಿಕೊಂಡು ‘ತೆರೆದಿದೆ ಮನೆ’ ಹಾಡಿದರು. ಪಕ್ಕದಲ್ಲಿದ್ದ ಗೆಳೆಯ ಕಿವಿಯಲ್ಲಿ, ‘ಇದು ಲವ್ ಸಾಂಗ್ ಅಲ್ವಾ?’ ಅಂದ. ಅವನು 1982ರ ‘ಹೊಸ ಬೆಳಕು’ ಸಿನಿಮಾದಿಂದ ಅದನ್ನು ಕಲಿತವನು. ಅತ್ತೆಗೆ ಅದು ಕುವೆಂಪು ಬರೆದ ಪ್ರಾರ್ಥನೆ. ಇಬ್ಬರೂ ತಪ್ಪಲ್ಲ. ಯಾಕೆ ಅಂತ ಊಟದ ಸಾಲಿನಲ್ಲಿ ಹೇಳಲು ಆಗಲಿಲ್ಲ, ಇಲ್ಲಿ ಹೇಳುತ್ತೇನೆ.

ಮೊದಲು ‘ಬಾ’ ಅನ್ನೋ ಕ್ರಿಯಾಪದ ನೋಡಿ. ಮನೆಗೆ ಬಂದ ಅತಿಥಿಗೆ ನಾವ್ಯಾರೂ ‘ಬಾ’ ಅನ್ನಲ್ಲ, ‘ಬನ್ನಿ, ಕೂತ್ಕೊಳ್ಳಿ’ ಅಂತೀವಿ. ಏಕವಚನ ಸಲ್ಲೋದು ಮಕ್ಕಳಿಗೆ, ತೀರ ಹತ್ತಿರದವರಿಗೆ, ಮತ್ತೆ ದೇವರಿಗೆ. ದಾಸರು ಕೃಷ್ಣನನ್ನು ‘ಬಾರೋ’ ಅಂತಲೇ ಕರೆದರು. ಹಾಗಾಗಿ ಕವಿ ಅತಿಥಿಯನ್ನು ‘ಬಾ’ ಅಂದ ಕೂಡಲೇ ಬರೋರು ಮಾಮೂಲಿ ನೆಂಟರಲ್ಲ ಅಂತ ಗೊತ್ತಾಗುತ್ತದೆ. ಪ್ರಿಯಕರನೋ, ಪ್ರೇಯಸಿಯೋ, ಪರಮಾತ್ಮನೋ ಅಂತ ಮಾತ್ರ ಗೊತ್ತಾಗಲ್ಲ. ‘ಬಂದನು’, ‘ಬಂದಳು’ ಅಂದಿದ್ದರೆ ಲಿಂಗ ಬಯಲಾಗುತ್ತಿತ್ತು, ‘ಬಾ’ದಲ್ಲಿ ಅದೂ ಇಲ್ಲ. ಅಕ್ಕಮಹಾದೇವಿಯ ವಚನಗಳಲ್ಲೂ ಪ್ರಣಯದ ಮಾತೇ ತುಂಬಿದೆ, ಆದರೆ ಕೊನೆಗೆ ‘ಚೆನ್ನಮಲ್ಲಿಕಾರ್ಜುನ’ ಅನ್ನೋ ಅಂಕಿತ ಬಂದು ವಿಳಾಸ ಹೇಳಿಬಿಡುತ್ತದೆ. ಇಲ್ಲಿ ಅಂಕಿತವಿಲ್ಲ.

ತೊಡಕಿರೋದು ಮುಂದಿನ ಸಾಲುಗಳಲ್ಲಿ. ಯಾವ ರೂಪದಲ್ಲಿ, ಯಾವ ವೇಷದಲ್ಲಿ ಬಂದರೂ ಆದೀತು ಅನ್ನುತ್ತದೆ ಹಾಡು. ಸೂರ್ಯೋದಯದ ಹಾಗೂ ಬರಬಹುದು, ಚಂದ್ರನ ಹಾಗೂ ಬರಬಹುದು. ಪ್ರೀತಿಸಿದವರು ಹೀಗೆ ಹೇಳ್ತಾರಾ? ಅವರಿಗೆ ಅದೇ ಮುಖ, ಅದೇ ನಗು ಬೇಕು. ‘ಯಾರಾದರೂ ಸರಿ’ ಅಂತ ಹುಡುಗಿಗೆ ಹೇಳಿ ನೋಡಿ, ಗೊತ್ತಾಗುತ್ತೆ! ದೇವರಿಗೆ ಮಾತ್ರ ಈ ಮಾತು ಸಲೀಸಾಗಿ ಒಪ್ಪುತ್ತದೆ, ಅವನಿಗೆ ನೂರು ರೂಪ. ಕುವೆಂಪು ಮೈಸೂರಿನ ರಾಮಕೃಷ್ಣಾಶ್ರಮದಲ್ಲಿ ಇದ್ದವರು, ಪರಮಹಂಸರ ಜೀವನಚರಿತ್ರೆ ಬರೆದವರು ಅನ್ನೋದೂ ಅತ್ತೆಯ ಪರವಾಗಿಯೇ ಇದೆ.

ಆದರೂ ನನಗೆ ಗೆಳೆಯನ ಓದು ಬಿದ್ದುಹೋಯಿತು ಅನ್ನಿಸಲ್ಲ, ಸ್ವಲ್ಪ ತಿದ್ದಿಕೊಳ್ಳಬೇಕು ಅಷ್ಟೇ. ಇದು ಪ್ರೀತಿಸುತ್ತಿರುವವರ ಹಾಡಲ್ಲ, ಇನ್ನೂ ಯಾರನ್ನೂ ಕಂಡಿರದವರ ಹಾಡು. ಅವರ ಮುಂದೆ ಮುಖವೇ ಇಲ್ಲ, ಅದಕ್ಕೇ ಯಾವ ರೂಪವಾದರೂ ಸರಿ. ಸಿನಿಮಾದಲ್ಲಿ ನಾಯಕ, ನಾಯಕಿ ಅಂತ ಮುಖಗಳು ಬಂದುಬಿಡುತ್ತವೆ. ಆಗ ಆ ಸಾಲಿನ ಬಲ ಒಂದಿಷ್ಟು ಇಳಿಯುತ್ತದೆ ಅಂತ ನನ್ನ ತಕರಾರು. ರಾಗಕ್ಕೆ ಮಾತ್ರ ನಾನೂ ಸೋತಿದ್ದೇನೆ, ಬಿಡಿ.

ಅತಿಥಿ ಅಂದರೆ ತಿಥಿ ನೋಡದೆ ಬರುವವನು ಅಂತ ಹಳೇ ನಿರುಕ್ತಿ. ಹಾಡುವವರ ಕೈಯಲ್ಲಿರೋದು ಬಾಗಿಲು ತೆಗೆದಿಡೋದು ಮಾತ್ರ. ಗೆಳೆಯನಿಗೆ ಮೂವತ್ತನಾಲ್ಕು, ಅವನು ಆ ದಿನ ಊಟ ಮುಗಿದ ಮೇಲೆ ಅತ್ತೆಯ ಹತ್ತಿರ ಹೋಗಿ ಇನ್ನೊಂದು ಸಲ ಹಾಡಿಸಿದ.