ಮುಟ್ಟುಗೋಲು ಖಾತೆ ಹೇಳದ ನಷ್ಟ

ಕರೆ ಹಣ ಕಟ್ಟದವನ ಷೇರು ಮುಟ್ಟುಗೋಲಾದರೆ ಅವನು ಕಳೆದುಕೊಳ್ಳುವುದೆಷ್ಟು? ಪಿಯುಸಿಯಲ್ಲಿ ಲೆಕ್ಕಶಾಸ್ತ್ರ ಓದಿದವರನ್ನು ಕೇಳಿದರೆ, ‘ಷೇರು ಮುಟ್ಟುಗೋಲು ಖಾತೆ’ಗೆ ಜಮೆಯಾದಷ್ಟು ಎನ್ನುತ್ತಾರೆ. ಆ ಜರ್ನಲ್ ನಮೂದಿನ ಅಚ್ಚುಕಟ್ಟುತನ ನನಗೂ ಇಷ್ಟವೇ. ಆದರೆ ಷೇರಿಗೆ ಪ್ರೀಮಿಯಂ ಇದ್ದಾಗ ಈ ಉತ್ತರ ನಿಲ್ಲುವುದಿಲ್ಲ.

2020ರ ರಿಲಯನ್ಸ್ ಹಕ್ಕು ಷೇರುಗಳನ್ನೇ ನೋಡಿ. ಮುಖಬೆಲೆ 10 ರೂಪಾಯಿ, ವಿತರಣಾ ಬೆಲೆ 1,257. ಅರ್ಜಿಯ ಜೊತೆ ಕಟ್ಟಬೇಕಾಗಿದ್ದ 314.25 ರೂಪಾಯಿಯಲ್ಲಿ ಬಂಡವಾಳ ಬರೀ 2.50, ಮಿಕ್ಕ 311.75 ಪ್ರೀಮಿಯಂ. ಮೊದಲ ಕರೆಯೂ ಅಷ್ಟೇ ಮೊತ್ತದ್ದು. ಒಬ್ಬ ಷೇರುದಾರ ಅದನ್ನು ಕಟ್ಟಲಿಲ್ಲ, ಷೇರು ಮುಟ್ಟುಗೋಲಾಯಿತು ಎಂದುಕೊಳ್ಳೋಣ. ಪುಸ್ತಕದ ಪ್ರಕಾರ ಷೇರು ಬಂಡವಾಳಕ್ಕೆ 5 ರೂಪಾಯಿ ಖರ್ಚು ಬರೆಯುತ್ತೇವೆ, ಬಾರದ 2.50ನ್ನು ಕರೆ ಬಾಕಿಯಿಂದ ತೆಗೆಯುತ್ತೇವೆ, ಬಂದಿದ್ದ 2.50 ಮುಟ್ಟುಗೋಲು ಖಾತೆಗೆ ಹೋಗುತ್ತದೆ. ಬಾರದ ಪ್ರೀಮಿಯಂ ರದ್ದಾಗುತ್ತದೆ, ಬಂದ ಪ್ರೀಮಿಯಂ ಮಾತ್ರ ಇದ್ದಲ್ಲೇ ಉಳಿಯುತ್ತದೆ. ಮನುಷ್ಯ ಕಳೆದುಕೊಂಡದ್ದು 314.25, ಖಾತೆ ತೋರಿಸುವುದು 2.50!

ಮರುವಿತರಣೆಯಲ್ಲಿ ಕೊಡುವ ರಿಯಾಯಿತಿ ಮುಟ್ಟುಗೋಲಾದ ಮೊತ್ತವನ್ನು ಮೀರಬಾರದೆಂಬ ನಿಯಮವಿದೆಯಲ್ಲ ಎನ್ನಬಹುದು. ಅದು ಕಾಯುವುದು ಬಂಡವಾಳವನ್ನು, ಹಳೆಯ ಷೇರುದಾರನನ್ನಲ್ಲ. ಈ ಷೇರನ್ನು 10 ರೂಪಾಯಿ ಪೂರ್ಣ ಪಾವತಿಯಾದದ್ದೆಂದು 7.50ಕ್ಕೆ ಕೊಟ್ಟರೂ ನಿಯಮ ಮುರಿಯುವುದಿಲ್ಲ. ಯಾವ ಆಡಳಿತ ಮಂಡಳಿಯೂ ಅಷ್ಟು ಅಗ್ಗವಾಗಿ ಕೊಡಲಾರದು, ಸರಿ. ಹೆಚ್ಚಿಗೆ ಮಾರಿದರೂ ಆ ಹೆಚ್ಚಳದಲ್ಲಿ ಹಳಬನಿಗೆ ಪಾಲಿಲ್ಲ.

ಕಂಪನಿಯ ಪರವಾದ ವಾದ ಹಗುರವಾದದ್ದಲ್ಲ. ಕಟ್ಟದವರನ್ನು ಬಿಟ್ಟುಬಿಟ್ಟರೆ ಕಟ್ಟಿದವರ ಮೇಲೆ ಭಾರ ಬೀಳುತ್ತದೆ. 2013ರ ಕಂಪನಿ ಕಾಯ್ದೆಯ ಟೇಬಲ್ ಎಫ್ ಮಾದರಿ ನಿಯಮಗಳು ಏಕಾಏಕಿ ಕಸಿದುಕೊಳ್ಳಲು ಬಿಡುವುದಿಲ್ಲ. ನೋಟಿಸು ತಲುಪಿ ಕನಿಷ್ಠ 14 ದಿನ ಕಳೆದ ಮೇಲಿನ ದಿನವನ್ನು ಗಡುವಾಗಿ ಕೊಡಬೇಕು, ಕಟ್ಟದಿದ್ದರೆ ಮುಟ್ಟುಗೋಲಾದೀತೆಂದು ಸ್ಪಷ್ಟವಾಗಿ ತಿಳಿಸಬೇಕು, ಆಮೇಲೆ ಮಂಡಳಿ ನಿರ್ಣಯ ಮಾಡಬೇಕು. ನೋಟಿಸಿನಲ್ಲಿ ದೋಷವಿದ್ದರೆ ಮುಟ್ಟುಗೋಲೇ ಬಿದ್ದುಹೋಗಬಹುದು. ಇಷ್ಟನ್ನು ಒಪ್ಪುತ್ತೇನೆ.

ನನ್ನ ತಕರಾರಿರುವುದು ನಂತರದ್ದರ ಬಗ್ಗೆ. ಷೇರು ಹೋದ ಮೇಲೆ ಸದಸ್ಯತ್ವವೂ ಹೋಗುತ್ತದೆ, ಆದರೆ ಅದೇ ಮಾದರಿ ನಿಯಮಗಳ ಪ್ರಕಾರ ಮುಟ್ಟುಗೋಲಿನ ದಿನದ ಬಾಕಿ ಹೋಗುವುದಿಲ್ಲ. ಮುಟ್ಟುಗೋಲಿನಿಂದ ಲೆಕ್ಕ ಚುಕ್ತಾ ಎಂದುಕೊಂಡವರು ಇದನ್ನು ಗಮನಿಸಿರುವುದಿಲ್ಲ. ಆಸ್ಟ್ರೇಲಿಯಾದ ಕಾನೂನು ‘ನೋ ಲಯಬಿಲಿಟಿ’ ಗಣಿ ಕಂಪನಿಗಳ ಮಟ್ಟಿಗೆ ಬೇರೆ ದಾರಿ ಹಿಡಿದಿದೆ. ಅಲ್ಲಿ ಕರೆ ಹಣಕ್ಕಾಗಿ ಷೇರುದಾರನ ಬೆನ್ನುಹತ್ತುವಂತಿಲ್ಲ. ಷೇರನ್ನು ಬಹಿರಂಗ ಹರಾಜಿಗಿಟ್ಟು, ಖರ್ಚು ಮತ್ತು ಬಾಕಿ ಮುರಿದುಕೊಂಡು, ಮಿಕ್ಕಿದ್ದನ್ನು ಅವನಿಗೇ ಕೊಡಬೇಕು. ಕಂಪನಿಗೆ ಬರಬೇಕಾದದ್ದು ಬರುತ್ತದೆ, ಅದಕ್ಕಿಂತ ಹೆಚ್ಚು ಬರುವುದಿಲ್ಲ. ನಮ್ಮ ಪಠ್ಯಪುಸ್ತಕ ಮಾತ್ರ ಮರುವಿತರಣೆಯಾದ ಮೇಲೆ ಮುಟ್ಟುಗೋಲು ಖಾತೆಯಲ್ಲಿ ಉಳಿದದ್ದನ್ನು ಬಂಡವಾಳ ಮೀಸಲಿಗೆ ವರ್ಗಾಯಿಸಿ ಎನ್ನುತ್ತದೆ. ಅದು ಯಾರ ಹಣವಾಗಿತ್ತೆಂದು ಕೇಳುವುದಿಲ್ಲ.