ಕಾಣೆಯಾದ ಸರಕಿನ ಕ್ಲೇಮು ಪತ್ರ

ಸಾಗಣೆಯಲ್ಲಿ ಕಾಣೆಯಾದ ಸರಕಿಗೆ ಪರಿಹಾರ ಕೋರಿ ವಿಮಾ ಕಂಪನಿಗೆ ಬರೆಯುವ ಪತ್ರದಲ್ಲಿ ಪಾಲಿಸಿಯ ವಿವರ, ಸರಕಿನ ಮೌಲ್ಯ, ಲಗತ್ತಿಸಿದ ದಾಖಲೆಗಳು ಎಂಬ ಮೂರು ಭಾಗಗಳಿರುವುದು ರೂಢಿ. ವ್ಯಾಪಾರಿಗಳ ಕೈಯಿಂದ ಕೈಗೆ ಸಾಗುವ ಸಿದ್ಧ ಮಾದರಿಗಳು ಮೊದಲೆರಡನ್ನು ವಿಸ್ತಾರವಾಗಿ ಬರೆದು, ಕ್ಲೇಮಿನ ಅಳಿವು ಉಳಿವನ್ನು ನಿರ್ಧರಿಸುವ ಮೂರನೆಯದನ್ನು ಬರಿಯ ಪಟ್ಟಿಯಾಗಿ ಮುಗಿಸುತ್ತವೆ. ಈ ಪದ್ಧತಿಯ ದೊಡ್ಡ ದೋಷವಿರುವುದು ಇಲ್ಲಿಯೇ.

ಶಿವಮೊಗ್ಗದಿಂದ ಅಹಮದಾಬಾದಿಗೆ ಏಪ್ರಿಲ್ 4ರಂದು ಲಾರಿಯಲ್ಲಿ ಕಳುಹಿಸಿದ, ತಲಾ 65 ಕಿಲೋ ತೂಕದ 100 ಚೀಲ ಅಡಿಕೆ ತಲುಪಲೇ ಇಲ್ಲವೆಂದು ಭಾವಿಸೋಣ. ಇನ್‌ವಾಯ್ಸ್ ಮೊತ್ತ 29,25,000 ರೂಪಾಯಿ, ಲಾರಿ ಬಾಡಿಗೆ 40,000. ಇವೆರಡರ ಮೇಲೆ ಶೇ 10ರಷ್ಟು ಸೇರಿಸಲು ಪಾಲಿಸಿಯಲ್ಲಿ ಒಪ್ಪಂದವಾಗಿದ್ದರೆ ಕೇಳಬೇಕಾದ ಮೊತ್ತ 32,61,500 ಆಗುತ್ತದೆಯೇ ಹೊರತು, ಈ ನಡುವೆ ಮಾರುಕಟ್ಟೆಯಲ್ಲಿ ಏರಿದ ಧಾರಣೆ ಲೆಕ್ಕಕ್ಕೆ ಬರುವುದಿಲ್ಲ. ಪಾಲಿಸಿಯ ಸಂಖ್ಯೆಯನ್ನಷ್ಟೇ ಬರೆದರೂ ಸಾಲದು. ಒಳನಾಡು ಸಾಗಣೆಯ ‘ಎ’ ಷರತ್ತು ತಾನೇ ಹೊರಗಿಟ್ಟವುಗಳನ್ನು ಬಿಟ್ಟು ಉಳಿದೆಲ್ಲ ಅಪಾಯಗಳನ್ನು ಒಳಗೊಂಡರೆ, ‘ಬಿ’ ಷರತ್ತು ಬೆಂಕಿ, ಡಿಕ್ಕಿ, ವಾಹನ ಮಗುಚುವುದು ಮುಂತಾಗಿ ಹೆಸರಿಸಿದ ಅಪಾಯಗಳಿಗಷ್ಟೇ ಸೀಮಿತ. ಆದ್ದರಿಂದ ‘ಬಿ’ ಇರುವ ಪಾಲಿಸಿಗೆ ಕಳವು ಮತ್ತು ತಲುಪದಿರುವಿಕೆಯನ್ನು ಪ್ರತ್ಯೇಕವಾಗಿ ಸೇರಿಸಿರದಿದ್ದರೆ, ಪತ್ರ ಎಷ್ಟೇ ಅಚ್ಚುಕಟ್ಟಾಗಿದ್ದರೂ ಹಣ ಬರುವುದಿಲ್ಲ.

ದಾಖಲೆಗಳ ವಿಷಯದಲ್ಲಿ ಸರ್ವೇಯರ್, ಅಂದರೆ ನಷ್ಟವನ್ನು ಪರಿಶೀಲಿಸುವವನು, ನೋಡುವುದು ಅವುಗಳ ಸಂಖ್ಯೆಯನ್ನಲ್ಲ, ಅವು ಒಂದಕ್ಕೊಂದು ತಾಳೆಯಾಗುವುದನ್ನು. ಸರಕು ಒಪ್ಪಿಸಿಕೊಂಡದ್ದಕ್ಕೆ ಸಾಗಣೆದಾರ ಕೊಡುವ ಲಾರಿ ರಸೀದಿಯಲ್ಲಿ ‘ಕಳುಹಿಸಿದವರ ಹೇಳಿಕೆಯಂತೆ 100 ಚೀಲ’ ಎಂದಿದ್ದರೆ, ಚೀಲಗಳನ್ನು ತಾನು ಎಣಿಸಿಲ್ಲವೆಂದು ಆತ ವಾದಿಸಬಲ್ಲ. ಅದೇ ಲಾರಿಯ ನೋಂದಣಿ ಸಂಖ್ಯೆ, ಖಾಲಿ ತೂಕ, ತುಂಬಿದ ತೂಕಗಳಿರುವ ವೇಬ್ರಿಜ್ ಚೀಟಿಯಲ್ಲಿ 6,500 ಕಿಲೋ ಅಡಿಕೆಯ ಜೊತೆಗೆ ಗೋಣಿಯ ಭಾರವೂ ಹೊಂದಿ ಬಂದರೆ ಆ ವಾದದ ಬಲ ಕುಂದುತ್ತದೆ. ಆದರೂ ಮಾದರಿ ಪತ್ರಗಳಲ್ಲಿ ಈ ಚೀಟಿಯ ಹೆಸರೇ ಇರುವುದಿಲ್ಲ.

ಇದಕ್ಕಿಂತ ಗಂಭೀರವಾದ ಲೋಪವೊಂದಿದೆ. ಪರಿಹಾರ ಕೊಟ್ಟ ವಿಮಾ ಕಂಪನಿಯು ಸರಕಿನ ಮಾಲೀಕನ ಸ್ಥಾನದಲ್ಲಿ ನಿಂತು ಸಾಗಣೆದಾರನಿಂದ ಆ ನಷ್ಟವನ್ನು ವಸೂಲಿ ಮಾಡುವ ಹಕ್ಕನ್ನು ಪಡೆಯುತ್ತದೆ. ಇದಕ್ಕೆ ಸಬ್ರೊಗೇಶನ್ ಎಂದು ಹೆಸರು. 2007ರ ರಸ್ತೆ ಸಾಗಣೆ ಕಾಯಿದೆಯ ಪ್ರಕಾರ ಸಾಗಣೆದಾರನ ಮೇಲೆ ದಾವೆ ಹೂಡಬೇಕಾದರೆ ಬುಕಿಂಗ್ ಆದ ದಿನದಿಂದ 180 ದಿನಗಳೊಳಗೆ ಅವನಿಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಎಣಿಕೆ ಶುರುವಾಗುವುದು ಸರಕು ಕಾಣೆಯಾದದ್ದು ತಿಳಿದ ದಿನದಿಂದಲ್ಲವಾದ್ದರಿಂದ, ಮೇಲಿನ ಅಡಿಕೆಯ ಮಟ್ಟಿಗೆ ಗಡುವು ಅಕ್ಟೋಬರ್ 1ಕ್ಕೆ ತೀರುತ್ತದೆ. ವಿಮಾ ಕಂಪನಿಗೆ ಪತ್ರ ಬರೆದಾಯಿತಲ್ಲ ಎಂದು ನೆಮ್ಮದಿಯಿಂದಿರುವ ಮಾಲೀಕ, ‘ಹುಡುಕುತ್ತಿದ್ದೇವೆ’ ಎಂಬ ಸಾಗಣೆದಾರನ ಮಾತನ್ನು ನಂಬಿ ತಿಂಗಳುಗಟ್ಟಲೆ ಕಾಯುತ್ತಾನೆ. ಆ ಹೊತ್ತಿಗೆ ವಸೂಲಿಯ ಹಕ್ಕೇ ಕೈತಪ್ಪಿರುತ್ತದೆ, ಅದನ್ನೇ ಕಾರಣವಾಗಿ ಮುಂದೊಡ್ಡಿ ವಿಮಾ ಕಂಪನಿ ಕ್ಲೇಮನ್ನು ಕಡಿತಗೊಳಿಸಲು ಇಲ್ಲವೇ ತಳ್ಳಿಹಾಕಲು ಮುಂದಾಗುತ್ತದೆ. ಸಾಗಣೆದಾರನಿಗೆ ಕಳುಹಿಸಿದ ನೋಟಿಸಿನ ಪ್ರತಿ, ಅದು ತಲುಪಿದ್ದಕ್ಕೆ ಅಂಚೆಯ ಸ್ವೀಕೃತಿ, ಸರಕು ತಲುಪಿಲ್ಲವೆಂದು ಆತನೇ ಬರೆದುಕೊಟ್ಟ ಪ್ರಮಾಣಪತ್ರ, ಈ ಮೂರು ಪಟ್ಟಿಯ ಕೊನೆಯ ‘ಇತರ ದಾಖಲೆಗಳು’ ಎಂಬ ಸಾಲಿನಿಂದ ಹೊರಬಂದು ಮೊದಲ ಲಗತ್ತುಗಳಾಗಬೇಕು.