ನಾಲ್ಕನೇ ನಿಮಿಷದ ಔಷಧ

ಹೋದ ವರ್ಷ ತೊಗರಿ ಹೂ ಬಿಡೋ ಹೊತ್ತಿಗೆ ಹವಳಗಾದಿಂದ ಅಪ್ಪನ ಫೋನು. "ತಮ್ಮಾ, ನೆಟೆ ರೋಗಕ್ಕ ಒಂದು ಔಷಧ ಬಂದದಂತ. ವಿಡಿಯೋದಾಗ ಹೇಳ್ಯಾನ. ಅಲ್ಲಿ ಸಿಗ್ತದೇನ್ ನೋಡು."

ವಿಡಿಯೋ ನೋಡಿದೆ. ಹನ್ನೆರಡು ನಿಮಿಷದ್ದು, ಬಹುಪಾಲು ಒಳ್ಳೆಯದೇ. ನೆಟೆ ರೋಗ ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬೇರಿಗೆ ಬರುತ್ತದೆ, ಬೀಜೋಪಚಾರ ಮತ್ತು ಬೆಳೆ ಬದಲಾವಣೆ ಮುಖ್ಯ ಎಂದು ಸರಿಯಾಗಿಯೇ ಹೇಳಿದ್ದಾರೆ. ನಾಲ್ಕನೇ ನಿಮಿಷದಲ್ಲಿ, ಅದೇ ಹೊಲ, ಅದೇ ದನಿ: "ಗಿಡ ಒಣಗಾಕತ್ತಿದ್ರ ನಾನು ಇದನ್ನ ಹೊಡಿತೀನಿ." ಎಪ್ಪತ್ತು ಸೆಕೆಂಡು ಒಂದು ಪೋಷಕಾಂಶದ ದ್ರಾವಣದ ಗುಣಗಾನ. ಆಮೇಲೆ ಮತ್ತೆ ಬೀಜೋಪಚಾರ.

ಬರವಣಿಗೆಯಾಗಿ ನೋಡಿದರೆ ಜೋಡಣೆ ಬಲು ನಯ. ತಪ್ಪು ಇರೋದೂ ಅಲ್ಲೇ. ರೋಗದ ಮಾತಿನ ಬಾಲಕ್ಕೆ ಸರಕನ್ನು ಕಟ್ಟಿದ್ದರಿಂದ, ಎಲೆಗೆ ಹೊಡೆಯೋ ದ್ರಾವಣ ಬೇರಿನ ರೋಗಕ್ಕೆ ಮದ್ದಾಯಿತು. ಹಾಗಂತ ಅವರು ಬಾಯಿಬಿಟ್ಟು ಹೇಳಿಲ್ಲ, ಕೇಳಿದವರಿಗೆ ಹಾಗೇ ಕೇಳಿಸಿತು.

ಇದು ಜಾಹೀರಾತು ಅಂತ ತಿಳಿಸಿದ್ದರೇ? ಯೂಟ್ಯೂಬಿನ ಪೆಟ್ಟಿಗೆಗೆ ಟಿಕ್ ಹಾಕಿದ್ದರು. ಅದರಿಂದ ಬರುವ ಇಂಗ್ಲಿಷ್ ಸಾಲು ವಿಡಿಯೋದ ಆರಂಭದಲ್ಲಿ ಹತ್ತು ಸೆಕೆಂಡು ಕಂಡು ಹೋಗುತ್ತದೆ. ಜಾಹೀರಾತು ಬರುವುದು ನಾಲ್ಕು ನಿಮಿಷದ ಮೇಲೆ. ಜಾಹೀರಾತು ಮಾನಕ ಮಂಡಳಿ (ಆಸ್ಕಿ) 2021ರಲ್ಲಿ ತಂದ ಮಾರ್ಗಸೂಚಿ ಪ್ರಕಾರ, ಎರಡು ನಿಮಿಷಕ್ಕಿಂತ ಉದ್ದದ ವಿಡಿಯೋದಲ್ಲಿ ಸರಕಿನ ಮಾತು ನಡೆಯುವಷ್ಟು ಹೊತ್ತೂ ಪಟ್ಟಿ ತೆರೆಯ ಮೇಲಿರಬೇಕು. ಅಂದರೆ ಇಲ್ಲಿ ಎಪ್ಪತ್ತು ಸೆಕೆಂಡೂ. ಕನ್ನಡ ವಿಡಿಯೋಕ್ಕೆ "ಜಾಹೀರಾತು" ಅನ್ನೋ ಒಂದೇ ಪದ ಸಾಕು.

ಆದರೆ ಅಪ್ಪ ಫೋನನ್ನು ಅಂಗಿ ಜೇಬಿನಲ್ಲಿಟ್ಟು ಕಳೆ ಕೀಳ್ತಾ ಕೇಳುವವರು. ಅವರಿಗೆ ಪಟ್ಟಿ ಕಾಣೋದಿಲ್ಲ. ಆದ್ದರಿಂದ ಮೊದಲ ವಾಕ್ಯದಲ್ಲೇ, ಸರಕಿನ ಹೆಸರಿಗೂ ಮುಂಚೆ, ಬಾಯಲ್ಲಿ ಹೇಳಬೇಕು. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ಇಲ್ಲಿಗೆ ರೋಗದ ಮಾತು ನಿಲ್ಲಿಸ್ತೀನಿ. ಮುಂದಿನ ಒಂದು ನಿಮಿಷ ಜಾಹೀರಾತು, ಕಂಪನಿಯವರು ನನಗೆ ರೊಕ್ಕ ಕೊಟ್ಟಾರ. ಇದು ನೆಟೆ ರೋಗದ ಔಷಧ ಅಲ್ಲ. ಆರೋಗ್ಯದಿಂದಿರೋ ಗಿಡಕ್ಕ ಪೋಷಕಾಂಶ ಕೊಡೋ ದ್ರಾವಣ. ನಾನು ಅರ್ಧ ಎಕರೆಗೆ ಹೊಡೆದು ನೋಡೀನಿ, ಕಂಡದ್ದು ಹೇಳ್ತೀನಿ." ಕೊನೆಗೆ: "ಜಾಹೀರಾತು ಮುಗೀತು. ಈಗ ಬೀಜೋಪಚಾರ."

ಕೊನೆಯ ಮಾತು ಹೊಡೆದು ನೋಡಿದ್ದರೆ ಮಾತ್ರ. ಬಳಸದ ಸರಕನ್ನು ಹೊಗಳಬಾರದು ಅಂತ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯ 2023ರ ಜನವರಿಯ ಸೂಚನೆಯೂ ಹೇಳುತ್ತದೆ.

ಇದರಿಂದ ಸಹಜತೆ ಕೆಡುತ್ತದೆಯೇ? ನನಗೆ ಹಾಗನಿಸೋದಿಲ್ಲ. ಸಹಜತೆ ಇರಬೇಕಾದ್ದು ದನಿಯಲ್ಲಿ, ಆ ಹೊಲದಲ್ಲಿ, ಆ ಮಾತಿನ ಧಾಟಿಯಲ್ಲಿ. ಪಾಠ ಎಲ್ಲಿ ಮುಗಿದು ಮಾರಾಟ ಎಲ್ಲಿ ಶುರುವಾಯಿತು ಅನ್ನೋ ಗೆರೆ ಅಳಿಸೋದಕ್ಕೆ ಆ ಹೆಸರು ಸಲ್ಲದು.

ನನ್ನ ಸಾಲುಗಳನ್ನು ಫೋನಿನಲ್ಲೇ ಅಪ್ಪನಿಗೆ ಓದಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಿಂಗ್ ಹೇಳಿದ್ರ ನಾ ನಿನಗ ಫೋನೇ ಮಾಡ್ತಿದ್ದಿಲ್ಲಲ್ಲೋ" ಅಂದರು.